ವಿಳಾಸದಲ್ಲಿ ಬರೆದ ಕೀಲಿ

ವೆಬ್ ಸರ್ವರೊಂದು ತನಗೆ ಬಂದ ಪ್ರತಿಯೊಂದು ಕೋರಿಕೆಗೂ ಒಂದು ಸಾಲು ಬರೆದಿಡುತ್ತದೆ. ಯಾರೂ ಹೇಳದೆಯೇ, ಅಳವಡಿಸಿದ ದಿನದಿಂದಲೇ ಅದು ಈ ಕೆಲಸ ಮಾಡುತ್ತಿರುತ್ತದೆ. ಎಸ್‌ಎಂಎಸ್ ಕಳಿಸುವ ಸೇವೆಯೊಂದರ ಸರ್ವರಿನಲ್ಲಿ ಅಂಥ ಸಾಲು ಹೀಗಿರುತ್ತದೆ ಎಂದುಕೊಳ್ಳೋಣ:

```
203.0.113.25 - - [14/Mar/2025:10:12:07 +0530] "GET /send?apikey=K7f2x9Qd&to=9XXXXXXXXX HTTP/1.1" 200 48 "-" "curl/8.5.0"
```

ಎಲ್ಲಿಂದ ಕೇಳಿದರು, ಯಾವಾಗ ಕೇಳಿದರು, ಏನು ಕೇಳಿದರು, ಉತ್ತರ ಸಿಕ್ಕಿತೇ, ಎಷ್ಟು ಬೈಟ್ ಹೋಯಿತು. ಲಾಗ್ ಎಂಬ ಕಡತ ಇರುವುದೇ ಇಷ್ಟನ್ನು ಹೇಳುವುದಕ್ಕೆ, ಅದನ್ನು ಸರಿಯಾಗಿಯೇ ಹೇಳಿದೆ. ಆದರೆ ಸಾಲಿನ ನಡುವೆ `apikey=` ಎಂಬುದರ ಮುಂದಿರುವ ಅಕ್ಷರಗಳನ್ನು ನೋಡಿ. ಆ ಗ್ರಾಹಕನ ಹೆಸರಿನಲ್ಲಿ ಸಂದೇಶ ಕಳಿಸಲು, ಅವನ ಖಾತೆಯ ಹಣ ಖರ್ಚು ಮಾಡಲು ಬೇಕಾದ ಗುಟ್ಟು ಅದು. ಪಾಸ್‌ವರ್ಡಿಗೆ ಸಮಾನವಾದದ್ದು. ಅದೀಗ ಸಾದಾ ಪಠ್ಯವಾಗಿ ಒಂದು ಕಡತದಲ್ಲಿ ಕುಳಿತಿದೆ. ಯಾರೂ ಕನ್ನ ಹಾಕಿಲ್ಲ, ಯಾವ ತಂತ್ರಾಂಶವೂ ಕೆಟ್ಟಿಲ್ಲ. ಎಲ್ಲವೂ ತಂತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರಿಂದಲೇ ಗುಟ್ಟು ಹೊರಬಿದ್ದಿದೆ. ಇದರ ಹೊಣೆಯನ್ನು ಸಾಮಾನ್ಯವಾಗಿ ಲಾಗ್ ನೋಡಿಕೊಳ್ಳುವವರ ಮೇಲೋ, ಕೋಡ್ ಬರೆದ ಹುಡುಗನ ಮೇಲೋ ಹೊರಿಸಲಾಗುತ್ತದೆ. ಆದರೆ ದೋಷ ಇರುವುದು ಕೀಯನ್ನು ವಿಳಾಸದೊಳಗೆ ಇಡುವಂತೆ ಎಪಿಐ ರೂಪಿಸಿದವರ ತೀರ್ಮಾನದಲ್ಲಿ. ಅದನ್ನು ತಿದ್ದಬೇಕಾದದ್ದೂ ಅಲ್ಲಿಯೇ.

ಯುಆರ್‌ಎಲ್ ಎಂದರೆ ವಿಳಾಸ. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಭಾಗಕ್ಕೆ ಕ್ವೆರಿ ಸ್ಟ್ರಿಂಗ್ ಎನ್ನುತ್ತಾರೆ. ಯಾವ ಪುಟ, ಯಾವ ಊರಿನ ಹವಾಮಾನ, ಯಾವ ದಿನಾಂಕದ ಪಟ್ಟಿ ಎಂಬ ವಿವರಗಳೆಲ್ಲ ಅಲ್ಲಿ ಬರುತ್ತವೆ. ಅದೂ ವಿಳಾಸದ ಅಂಗವೇ. ವಿಳಾಸವನ್ನು ಬರೆದುಕೊಳ್ಳುವುದು, ನಕಲಿಸುವುದು, ಇನ್ನೊಬ್ಬರಿಗೆ ಕಳಿಸುವುದು ತಪ್ಪಲ್ಲ, ವಿಳಾಸ ಇರುವುದೇ ಅದಕ್ಕಾಗಿ. ವೆಬ್‌ನ ಎಲ್ಲ ಸಲಕರಣೆಗಳೂ ಈ ನಂಬಿಕೆಯ ಮೇಲೆಯೇ ಕಟ್ಟಲ್ಪಟ್ಟಿವೆ. ಬ್ರೌಸರ್ ವಿಳಾಸವನ್ನು ಹಿಸ್ಟರಿಯಲ್ಲಿ ಇಡುತ್ತದೆ, ಪ್ರಾಕ್ಸಿ ಅದನ್ನು ಬರೆದುಕೊಳ್ಳುತ್ತದೆ, ಸರ್ವರ್ ಲಾಗ್ ಮಾಡುತ್ತದೆ. ಈ ಎಚ್ಚರಿಕೆ ಹೊಸದೂ ಅಲ್ಲ. 1999ರಲ್ಲಿ ಬಂದ ಎಚ್‌ಟಿಟಿಪಿ 1.1ರ ದಾಖಲೆ, ಅಂದರೆ ಆರ್‌ಎಫ್‌ಸಿ 2616, ಸೂಕ್ಷ್ಮ ಮಾಹಿತಿಯನ್ನು ಜಿಇಟಿ ಫಾರಂಗಳ ಮೂಲಕ ಕಳಿಸಬಾರದು, ಅದು ವಿಳಾಸದೊಳಗೆ ಸೇರಿಬಿಡುತ್ತದೆ ಎಂದು ಹೇಳಿತ್ತು. 2022ರ ಆರ್‌ಎಫ್‌ಸಿ 9110 ಇನ್ನೂ ನೇರವಾಗಿದೆ: ವಿಳಾಸಗಳು ಹಂಚಿಕೊಳ್ಳುವುದಕ್ಕೆ ಇರುವಂಥವು, ಕಾಪಾಡುವುದಕ್ಕಲ್ಲ ಎಂಬುದು ಅದರ ಅಭಿಪ್ರಾಯ.

ಒಂದು ಉದಾಹರಣೆಯನ್ನು ಹಿಡಿದು ಈ ಕೀ ಎಲ್ಲೆಲ್ಲಿ ನಕಲಾಗುತ್ತದೆ ಎಂದು ನೋಡೋಣ. ತಾಲ್ಲೂಕು ಮಟ್ಟದ ಒಂದು ಪತ್ತಿನ ಸಹಕಾರ ಸಂಘ ಸಾಲದ ಕಂತಿನ ದಿನಾಂಕವನ್ನು ಸದಸ್ಯರಿಗೆ ಎಸ್‌ಎಂಎಸ್‌ನಲ್ಲಿ ತಿಳಿಸಲು ಒಂದು ಗೇಟ್‌ವೇ ಸೇವೆ ಪಡೆದಿದೆ ಎಂದುಕೊಳ್ಳಿ. ಗೇಟ್‌ವೇಯವರ ಕೈಪಿಡಿಯಲ್ಲಿ ಒಂದು ಮಾದರಿ ವಿಳಾಸ ಇರುತ್ತದೆ: ನಿಮ್ಮ ಕೀ ಇಲ್ಲಿ ಹಾಕಿ, ಮೊಬೈಲ್ ಸಂಖ್ಯೆ ಇಲ್ಲಿ ಹಾಕಿ, ಬ್ರೌಸರಿನಲ್ಲಿ ತೆರೆಯಿರಿ, ಸಂದೇಶ ಹೋಗುತ್ತದೆ. ಸಂಘಕ್ಕೆ ತಂತ್ರಾಂಶ ಮಾಡಿಕೊಡುವವರು ಮೊದಲು ಮಾಡುವುದೇ ಇದನ್ನು. ವಿಳಾಸವನ್ನು ಕ್ರೋಮ್‌ನ ಅಡ್ರೆಸ್ ಬಾರಿಗೆ ಅಂಟಿಸಿ ಎಂಟರ್ ಒತ್ತುತ್ತಾರೆ, ಫೋನು ಸದ್ದು ಮಾಡುತ್ತದೆ, ಕೆಲಸ ಆಯಿತು. ಆ ಕ್ಷಣದಲ್ಲೇ ಕೀಯ ಮೊದಲ ನಕಲು ಬ್ರೌಸರಿನ ಹಿಸ್ಟರಿಗೆ ಬಿದ್ದಿದೆ. ಕ್ರೋಮ್ ತನ್ನ ಹಿಸ್ಟರಿಯನ್ನು `History` ಎಂಬ ಎಸ್‌ಕ್ಯೂಲೈಟ್ ಕಡತದಲ್ಲಿ, ಫೈರ್‌ಫಾಕ್ಸ್ `places.sqlite` ಎಂಬುದರಲ್ಲಿ ಇಡುತ್ತದೆ. ಎರಡರಲ್ಲೂ ವಿಳಾಸ ಇಡಿಯಾಗಿ, ಪ್ರಶ್ನಾರ್ಥಕ ಚಿಹ್ನೆಯ ಆಚೆಯ ಭಾಗವೂ ಸೇರಿ, ಇರುತ್ತದೆ. ಕ್ರೋಮ್‌ನಲ್ಲಿ ಅದು ಸುಮಾರು 90 ದಿನ ಉಳಿಯುತ್ತದೆ. ಸಿಂಕ್ ಚಾಲೂ ಇದ್ದರೆ ಅದೇ ಖಾತೆ ಇರುವ ಮನೆಯ ಲ್ಯಾಪ್‌ಟಾಪಿಗೂ ಫೋನಿಗೂ ಹೋಗುತ್ತದೆ. ಮುಂದೆ ಯಾವತ್ತೋ ಸಭೆಯಲ್ಲಿ ಪರದೆ ಹಂಚಿಕೊಂಡು ಗೇಟ್‌ವೇಯ ಹೆಸರಿನ ಮೊದಲ ಮೂರಕ್ಷರ ಟೈಪ್ ಮಾಡಿದರೆ ಸಾಕು, ಬ್ರೌಸರ್ ಉಳಿದದ್ದನ್ನು ತಾನೇ ತುಂಬಿ ಎಲ್ಲರ ಮುಂದಿಡುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಇದರಲ್ಲಿ ಗೊಂದಲ ಬಹಳ. ಪುಟವೊಂದರ ಒಳಗಿನಿಂದ ಜಾವಾಸ್ಕ್ರಿಪ್ಟ್ ಹಿನ್ನೆಲೆಯಲ್ಲಿ ಮಾಡುವ ಕೋರಿಕೆಗಳು ಹಿಸ್ಟರಿಗೆ ಹೋಗುವುದಿಲ್ಲ. ಬಳಕೆದಾರ ತೆರೆದ ಪುಟದ ವಿಳಾಸ ಮಾತ್ರ ಹೋಗುತ್ತದೆ. ಆದ್ದರಿಂದ ಹಿಸ್ಟರಿಯ ಅಪಾಯ ಇರುವುದು ಅಡ್ರೆಸ್ ಬಾರಿನಲ್ಲಿ ಪರೀಕ್ಷಿಸಿದಾಗ, ಅಥವಾ ಕೀ ಇರುವ ಕೊಂಡಿಯನ್ನು ಮಿಂಚಂಚೆಯಿಂದಲೋ ವಾಟ್ಸ್‌ಆ್ಯಪ್‌ನಿಂದಲೋ ಒತ್ತಿದಾಗ. ಸರ್ವರಿನ ಲಾಗ್‌ಗೆ ಇಂಥ ಭೇದವಿಲ್ಲ. ಯಾವ ದಾರಿಯಲ್ಲಿ ಬಂದ ಕೋರಿಕೆಯಾದರೂ ಅಲ್ಲಿ ದಾಖಲಾಗುತ್ತದೆ.

ಪರೀಕ್ಷೆ ಮುಗಿದು ತಂತ್ರಾಂಶ ಸಂಘದ ಸರ್ವರಿಗೆ ಏರಿದ ಮೇಲೆ ನಕಲುಗಳು ಎರಡೂ ಬದಿಯಲ್ಲಿ ಬೆಳೆಯುತ್ತವೆ. ಗೇಟ್‌ವೇಯ ಕಡೆ, ಕೋರಿಕೆ ಮೊದಲು ತಲುಪುವುದು ಲೋಡ್ ಬ್ಯಾಲೆನ್ಸರನ್ನೋ ಸಿಡಿಎನ್ ಅನ್ನೋ. ಅದು ತನ್ನ ಲಾಗ್ ಬರೆಯುತ್ತದೆ. ಅಮೆಜಾನಿನ ಕ್ಲೌಡ್‌ಫ್ರಂಟ್ ಲಾಗ್‌ನಲ್ಲಿ ಇದಕ್ಕೆಂದೇ `cs-uri-query` ಎಂಬ ಪ್ರತ್ಯೇಕ ಅಂಕಣವಿದೆ. ಅದರ ಹಿಂದಿನ ಎಂಜಿನ್‌ಎಕ್ಸ್ ಅಥವಾ ಅಪಾಚೆ ಸರ್ವರ್ ಮೇಲೆ ತೋರಿಸಿದಂಥ ಸಾಲು ಬರೆಯುತ್ತದೆ. ಅಲ್ಲಿಂದ ಲಾಗ್‌ಗಳು ಒಟ್ಟುಗೂಡಿಸುವ ಸೇವೆಗೆ, ಬ್ಯಾಕಪ್‌ಗೆ ಹೋಗುತ್ತವೆ. ಸಂಘದ ಕಡೆ ಇನ್ನೊಂದು ಕಥೆ. ಒಂದು ದಿನ ಗೇಟ್‌ವೇ ಕೆಲಹೊತ್ತು ಸಿಗುವುದಿಲ್ಲ. ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂ ಆಗಿದ್ದರೆ, ಬಹುತೇಕರು ಬಳಸುವ `requests` ಲೈಬ್ರರಿ ಸೋತಾಗ ಕೊಡುವ ದೋಷ ಸಂದೇಶದಲ್ಲಿ ಹೀಗೊಂದು ತುಣುಕು ಇರುತ್ತದೆ:

```
Max retries exceeded with url: /send?apikey=K7f2x9Qd&to=9XXXXXXXXX
```

ಈ ಸಂದೇಶ ಅಪ್ಲಿಕೇಶನ್‌ನ ಲಾಗ್‌ಗೆ ಹೋಗುತ್ತದೆ, ದೋಷಗಳನ್ನು ಒಟ್ಟುಮಾಡುವ ಹೊರಗಿನ ಸೇವೆ ಇದ್ದರೆ ಅಲ್ಲಿಗೂ ಹೋಗುತ್ತದೆ, ಕೊನೆಗೆ ‘ಇದು ಯಾಕೆ ಬರ್ತಿದೆ ನೋಡಿ ಸರ್’ ಎಂಬ ಸಾಲಿನೊಂದಿಗೆ ಗೇಟ್‌ವೇಯ ಸಹಾಯವಾಣಿಗೆ ಸ್ಕ್ರೀನ್‌ಶಾಟ್ ಆಗಿಯೂ ಹೋಗುತ್ತದೆ. ಈ ಒಂದೊಂದು ಹೆಜ್ಜೆಯೂ ಜವಾಬ್ದಾರಿಯುತ ಕೆಲಸವೇ. ದೋಷ ಬಂದಾಗ ಯಾವ ವಿಳಾಸಕ್ಕೆ ಹೋಗಿ ಸೋತೆ ಎಂದು ಹೇಳದ ಲೈಬ್ರರಿ ಯಾರಿಗೆ ಬೇಕು?

‘ಆದರೆ ನಾವು ಎಚ್‌ಟಿಟಿಪಿಎಸ್ ಬಳಸುತ್ತೇವಲ್ಲ’ ಎನ್ನುವುದು ಮೊದಲು ಬರುವ ಆಕ್ಷೇಪ. ಅದರಲ್ಲಿ ಅರ್ಧ ಸತ್ಯವಿದೆ. ಎಚ್‌ಟಿಟಿಪಿಎಸ್‌ನಲ್ಲಿ ಕ್ವೆರಿ ಸ್ಟ್ರಿಂಗ್ ಕೂಡ ಗೂಢಲಿಪಿಯಲ್ಲೇ ಸಾಗುತ್ತದೆ. ದಾರಿಯಲ್ಲಿ ಕದ್ದು ಕೇಳುವವನಿಗೆ ಸಾಮಾನ್ಯವಾಗಿ ಸರ್ವರಿನ ಹೆಸರು ಕಾಣಬಹುದು, ಕೀ ಕಾಣುವುದಿಲ್ಲ. ಹೋಟೆಲಿನ ವೈಫೈಯಲ್ಲಿ ಕುಳಿತವನು ಇದನ್ನು ಓದಬಲ್ಲ ಎಂದು ಹೆದರಿಸುವವರ ಮಾತು ತಪ್ಪು. ಆದರೆ ಗೂಢಲಿಪಿ ಕಾಯುವುದು ದಾರಿಯನ್ನು ಮಾತ್ರ. ಬ್ರೌಸರಿನ ಹಿಸ್ಟರಿ ಇರುವುದು ದಾರಿಯ ಈ ತುದಿಯಲ್ಲಿ, ಗೂಢಲಿಪಿಯಾಗುವ ಮುಂಚೆ. ಸರ್ವರಿನ ಲಾಗ್ ಇರುವುದು ಆ ತುದಿಯಲ್ಲಿ, ಬಿಡಿಸಿದ ಮೇಲೆ. ನಾವು ಮಾತಾಡುತ್ತಿರುವ ಸೋರಿಕೆಯೆಲ್ಲ ಆಗುವುದು ಈ ಎರಡು ತುದಿಗಳಲ್ಲಿ.

ಎರಡನೆಯ ಆಕ್ಷೇಪ ಇನ್ನಷ್ಟು ಗಂಭೀರ: ಲಾಗ್ ನೋಡುವವರು ನಮ್ಮವರೇ, ಹಿಸ್ಟರಿ ನನ್ನ ಯಂತ್ರದಲ್ಲೇ ಇದೆ, ಹೊರಗಿನವನಿಗೆ ಅದು ಹೇಗೆ ಸಿಗುತ್ತದೆ? ಹಿಸ್ಟರಿಯ ಬಗ್ಗೆ 2019ರಲ್ಲೇ ಉತ್ತರ ಸಿಕ್ಕಿದೆ. ಆ ವರ್ಷ ಸ್ಯಾಮ್ ಜದಾಲಿ ಎಂಬ ಭದ್ರತಾ ಸಂಶೋಧಕ ‘ಡೇಟಾಸ್ಪೈ’ ಎಂದು ಹೆಸರಿಟ್ಟು ಪ್ರಕಟಿಸಿದ ತನಿಖೆಯಲ್ಲಿ, ಕೆಲವು ಬ್ರೌಸರ್ ಎಕ್ಸ್‌ಟೆನ್ಶನ್‌ಗಳು ಸುಮಾರು 40 ಲಕ್ಷ ಜನ ತೆರೆದ ಪುಟಗಳ ವಿಳಾಸಗಳನ್ನು ಇಡಿಯಾಗಿ ಸಂಗ್ರಹಿಸುತ್ತಿದ್ದದ್ದು ಬಯಲಾಯಿತು. ಚಿತ್ರ ದೊಡ್ಡದು ಮಾಡಿ ತೋರಿಸುವಂಥ ಸಣ್ಣ ಉಪಯೋಗದ ಎಕ್ಸ್‌ಟೆನ್ಶನ್‌ಗಳು ಅವು. ಆ ವಿಳಾಸಗಳು ಹಣ ಕೊಟ್ಟವರಿಗೆ ಒಂದು ವಿಶ್ಲೇಷಣಾ ಸೇವೆಯ ಮೂಲಕ ಸಿಗುತ್ತಿದ್ದವು. ಕೊಂಡಿ ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ ಎಂದು ನಂಬಿ ಇಟ್ಟಿದ್ದ ಕಡತಗಳು, ದಾಖಲೆಗಳು ಹಾಗೆ ತೆರೆದುಕೊಂಡವು. ಇನ್ನು 2015ರ ಜನವರಿಯಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ತಾಣ ಹೆಲ್ತ್‌ಕೇರ್‌.ಗವ್ ಸುದ್ದಿಯಾದದ್ದು ಇದೇ ಕಾರಣಕ್ಕೆ. ಅರ್ಜಿದಾರರ ವಯಸ್ಸು, ಆದಾಯ, ಧೂಮಪಾನದ ಅಭ್ಯಾಸ, ಗರ್ಭಿಣಿಯೇ ಎಂಬ ವಿವರಗಳು ಪುಟದ ವಿಳಾಸದಲ್ಲಿದ್ದವು. ಪುಟದಲ್ಲಿ ಸೇರಿಸಿದ್ದ ಜಾಹೀರಾತು ಕಂಪನಿಗಳಿಗೆ ರೆಫರರ್ ಹೆಡರ್ ಮೂಲಕ ಆ ವಿಳಾಸವೂ ಹೋಗುತ್ತಿತ್ತು. ಈಗಿನ ಬ್ರೌಸರುಗಳು ಬೇರೆ ತಾಣಕ್ಕೆ ಮೂಲ ತಾಣದ ಹೆಸರನ್ನಷ್ಟೇ ಕಳಿಸುವುದು ರೂಢಿ. ಕ್ರೋಮ್ ಹಾಗೆ ಬದಲಾದದ್ದು 2020ರಲ್ಲಿ. ಆ ಒಂದು ಕಿಂಡಿ ಬಹುಮಟ್ಟಿಗೆ ಮುಚ್ಚಿದೆ, ಉಳಿದವು ಮುಚ್ಚಿಲ್ಲ.

ಲಾಗ್‌ನ ವಿಚಾರಕ್ಕೆ ಬಂದರೆ, ನಮ್ಮ ದೇಶದಲ್ಲಿ ಅದನ್ನು ಬೇಗ ಅಳಿಸಿಬಿಡುತ್ತೇವೆ ಎನ್ನುವ ದಾರಿಯೂ ಇಲ್ಲ. ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಭದ್ರವಾಗಿ ಇಟ್ಟುಕೊಳ್ಳಬೇಕು. ದಾಳಿ ನಡೆದಾಗ ತನಿಖೆಗೆ ಸಾಕ್ಷ್ಯ ಬೇಕು, ಹಾಗಾಗಿ ಈ ನಿಯಮ ಸರಿಯಾದದ್ದೇ. ಆದರೆ ಕೀ ವಿಳಾಸದಲ್ಲಿದ್ದರೆ ಅದೂ ಅಷ್ಟೂ ಕಾಲ ಲಾಗ್‌ನೊಂದಿಗೆ ಉಳಿಯುತ್ತದೆ. ಅಷ್ಟರಲ್ಲಿ ಎಷ್ಟು ಸಿಬ್ಬಂದಿ ಬಂದು ಹೋಗುತ್ತಾರೆ, ಎಷ್ಟು ಗುತ್ತಿಗೆದಾರರಿಗೆ ಆ ಯಂತ್ರದ ಪ್ರವೇಶ ಸಿಗುತ್ತದೆ? ಪಾಸ್‌ವರ್ಡ್ ಇರುವ ಡೇಟಾಬೇಸಿಗೆ ಬೀಗ ಹಾಕುವ ಸಂಸ್ಥೆಯೂ ಲಾಗ್ ಕಡತವನ್ನು ಅಷ್ಟು ಬಿಗಿಯಾಗಿ ಕಾಯುವುದಿಲ್ಲ. ಯಾಕೆಂದರೆ ಅದರಲ್ಲಿ ಗುಟ್ಟು ಇರಬಾರದು ಎಂಬುದೇ ಎಲ್ಲರ ಲೆಕ್ಕಾಚಾರ.

ಕೀ ಕೈಗೆ ಸಿಕ್ಕರೂ ಏನು ಮಾಡಿಯಾನು, ಟ್ರಾಯ್ ನಿಯಮದಂತೆ ನೋಂದಾಯಿಸಿದ ಟೆಂಪ್ಲೇಟ್ ಇಲ್ಲದೆ ವಾಣಿಜ್ಯ ಸಂದೇಶ ಹೋಗುವುದೇ ಇಲ್ಲವಲ್ಲ ಎಂದು ಎಸ್‌ಎಂಎಸ್ ಬಲ್ಲವರು ಕೇಳಬಹುದು. ನಿಜ, ಆ ನಿಯಮ ಕಳ್ಳನ ಕೈಯನ್ನು ಸ್ವಲ್ಪ ಕಟ್ಟುತ್ತದೆ. ಆದರೆ ಟೆಂಪ್ಲೇಟಿನಲ್ಲಿ ಹೆಸರು, ಮೊತ್ತ ತುಂಬಲು ಖಾಲಿ ಜಾಗಗಳಿರುತ್ತವೆ. ಸಂಘದ ಹೆಸರಿನಲ್ಲೇ ‘ನಿಮ್ಮ ಕಂತು ಇಷ್ಟು ರೂಪಾಯಿ ಬಾಕಿ’ ಎಂಬ ಸುಳ್ಳು ಸಂದೇಶ ಸದಸ್ಯರಿಗೆ ಹೋಗಲು ಅಷ್ಟು ಸಾಕು. ಸಂಘ ಮುಂಗಡ ಕಟ್ಟಿದ ಹಣವೂ ಖಾಲಿಯಾಗುತ್ತದೆ. ಅದೇ ಕೀಯಿಂದ ಹಿಂದಿನ ಸಂದೇಶಗಳ ವರದಿಯನ್ನೂ ಪಡೆಯಲು ಬಿಡುವ ಗೇಟ್‌ವೇ ಆಗಿದ್ದರೆ ಸದಸ್ಯರ ಮೊಬೈಲ್ ಸಂಖ್ಯೆಗಳೂ ಹೋದವು. ನನ್ನ ದೃಷ್ಟಿಯಲ್ಲಿ ಹಣಕ್ಕಿಂತ ದೊಡ್ಡ ನಷ್ಟ ಅದು.

ಹಾಗಾದರೆ ಲಾಗ್‌ನಲ್ಲಿ ಕ್ವೆರಿ ಸ್ಟ್ರಿಂಗ್ ಬರೆಯದಂತೆ ಮಾಡಿದರಾಯಿತಲ್ಲ ಎನ್ನುವುದು ಅನುಭವಿಗಳ ಆಕ್ಷೇಪ. ಮಾಡಬಹುದು, ಮಾಡಲೂಬೇಕು. ಎಂಜಿನ್‌ಎಕ್ಸ್‌ನಲ್ಲಿ ರೂಢಿಯ ಮಾದರಿ `$request` ಎಂಬ ಇಡೀ ಸಾಲನ್ನು ಬರೆಯುತ್ತದೆ. ಅದರ ಬದಲು ವಿಳಾಸದ ಮೊದಲ ಭಾಗವನ್ನಷ್ಟೇ ಬರೆಯುವಂತೆ ಹೇಳಬಹುದು:

```
log_format noquery '$remote_addr [$time_local] '
    '"$request_method $uri $server_protocol" $status $body_bytes_sent';
access_log /var/log/nginx/access.log noquery;
```

ಇದರಿಂದ ಮುಖ್ಯ ಲಾಗ್ ಶುದ್ಧವಾಗುತ್ತದೆ. ಆದರೆ ಎಂಜಿನ್‌ಎಕ್ಸ್‌ಗೆ ಎರಡನೆಯ ಕಡತವೊಂದಿದೆ, `error.log`. ಹಿಂದಿನ ಸರ್ವರ್ ಉತ್ತರಿಸದಿದ್ದಾಗ ಅಲ್ಲಿ ಬೀಳುವ ಸಾಲಿನಲ್ಲಿ ಕೋರಿಕೆ ಇಡಿಯಾಗಿ, ಕೀ ಸಮೇತ ಇರುತ್ತದೆ. ಆ ಕಡತದ ಸಾಲಿನ ರೂಪವನ್ನು `log_format`ನಿಂದ ಬದಲಿಸಲು ಬರುವುದಿಲ್ಲ. ಅದೂ ಹೋಗಲಿ, ಮುಂದಿರುವ ಸಿಡಿಎನ್‌ನ ಲಾಗ್, ಗ್ರಾಹಕನ ಬದಿಯ ದೋಷ ಸಂದೇಶ, ಅವನ ಬ್ರೌಸರಿನ ಹಿಸ್ಟರಿ, ಇವು ಯಾವುವೂ ಗೇಟ್‌ವೇಯ ಆಡಳಿತಗಾರನ ಕೈಯಲ್ಲಿಲ್ಲ. ವಿಳಾಸವನ್ನು ಬರೆದುಕೊಳ್ಳುವ ಪ್ರತಿಯೊಂದು ತಂತ್ರಾಂಶವನ್ನೂ ಹುಡುಕಿ ಬರೆಯಬೇಡ ಎಂದು ಹೇಳುತ್ತ ಹೋಗುವುದು ಮುಗಿಯದ ಕೆಲಸ. ಕೀಯನ್ನು ವಿಳಾಸದಿಂದ ತೆಗೆಯುವುದು ಒಂದೇ ಸಲ ಮಾಡುವ ಕೆಲಸ.

ತೆಗೆದು ಎಲ್ಲಿ ಇಡುವುದು ಎಂದರೆ ಹೆಡರಿನಲ್ಲಿ. ಎಚ್‌ಟಿಟಿಪಿಯಲ್ಲಿ ವಿಳಾಸದ ಜೊತೆಗೆ ಹೋಗುವ ಪ್ರತ್ಯೇಕ ಸಾಲುಗಳಿವೆ. ಅವುಗಳಲ್ಲಿ `Authorization` ಇದಕ್ಕೆಂದೇ ಇರುವಂಥದ್ದು. ಬ್ರೌಸರಿನ ಹಿಸ್ಟರಿ ಅದನ್ನು ನೋಡುವುದಿಲ್ಲ, ಸರ್ವರುಗಳ ರೂಢಿಯ ಲಾಗ್ ಮಾದರಿಯಲ್ಲಿ ಅದಿಲ್ಲ. ಅದಿರುವ ಕೋರಿಕೆಯ ಉತ್ತರವನ್ನು ಹಲವರಿಗೆ ಹಂಚುವ ಕ್ಯಾಶ್ ಸ್ಪಷ್ಟ ಅನುಮತಿಯಿಲ್ಲದೆ ಇಟ್ಟುಕೊಳ್ಳಬಾರದು ಎಂಬ ನಿಯಮವೂ ಇದೆ. ಹಾಗೆಂದು ಹೆಡರ್ ಮಂತ್ರದಂಡವಲ್ಲ. ಯಾರಾದರೂ ದೋಷ ಹುಡುಕಲು ಎಲ್ಲ ಹೆಡರುಗಳನ್ನೂ ಲಾಗ್ ಮಾಡಿದರೆ ಅಲ್ಲೂ ಕೀ ಬೀಳುತ್ತದೆ. ಟರ್ಮಿನಲ್‌ನಲ್ಲಿ `curl` ಆಜ್ಞೆಯೊಳಗೇ ಕೀ ಟೈಪ್ ಮಾಡಿದರೆ, ಹೆಡರಿನಲ್ಲಿಟ್ಟರೂ ಅದು `.bash_history` ಕಡತದಲ್ಲಿ ಉಳಿಯುತ್ತದೆ. `curl -H @file` ಎಂದು ಕಡತದಿಂದ ಓದಿಸಿದರೆ ಅದನ್ನು ತಪ್ಪಿಸಬಹುದು. ವ್ಯತ್ಯಾಸ ಏನೆಂದರೆ, ಹೆಡರಿನಿಂದ ಕೀ ಸೋರಬೇಕಾದರೆ ಯಾರಾದರೂ ಏನಾದರೂ ಮಾಡಬೇಕು. ವಿಳಾಸದಿಂದ ಸೋರುವುದಕ್ಕೆ ಯಾರೂ ಏನೂ ಮಾಡಬೇಕಿಲ್ಲ.

ಎಲ್ಲ ಕೀಗಳೂ ಗುಟ್ಟುಗಳಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಗೂಗಲ್ ಮ್ಯಾಪ್ಸ್‌ನ ಕೀ ಪುಟದ ಕೋಡಿನಲ್ಲೇ ಎಲ್ಲರಿಗೂ ಕಾಣುತ್ತದೆ. ಯಾವ ತಾಣದಿಂದ ಬಂದರೆ ಮಾತ್ರ ನಡೆಯಬೇಕು ಎಂಬ ನಿರ್ಬಂಧ ಹಾಕಿ ಅದನ್ನು ಬಳಸಬೇಕು. ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣ `data.gov.in` ಕೂಡ `api-key` ಎಂದು ವಿಳಾಸದಲ್ಲೇ ಕೀ ಕೇಳುತ್ತದೆ. ಎಪಿಎಂಸಿ ಮಾರುಕಟ್ಟೆಗಳ ಅಂದಂದಿನ ಧಾರಣೆಯಂಥ, ಹೇಗೂ ಎಲ್ಲರಿಗೂ ತೆರೆದಿರುವ ಮಾಹಿತಿಗೆ ಅದು ಯಾರು ಎಷ್ಟು ಬಳಸಿದರು ಎಂದು ಎಣಿಸುವ ಗುರುತಷ್ಟೆ, ಸೋರಿದರೆ ನಷ್ಟ ಸಣ್ಣದು. ನನ್ನ ಚಿಂತೆ ರೂಢಿಯ ಬಗ್ಗೆ. ಕಾಲೇಜಿನ ವಿದ್ಯಾರ್ಥಿ ಮೊದಲ ಸಲ ಎಪಿಐ ಕಲಿಯುವುದು ಇಂಥ ಉಚಿತ ಸೇವೆಗಳಲ್ಲಿ. ಕೀ ಎಂದರೆ ವಿಳಾಸದ ಕೊನೆಗೆ ಅಂಟಿಸುವಂಥದ್ದು ಎಂದು ಅಲ್ಲಿ ಕಲಿತ ಕೈ, ನಾಳೆ ಹಣ ಓಡಾಡುವ ಕಡೆಯೂ ಅದನ್ನೇ ಮಾಡುತ್ತದೆ. ಇನ್ನು ಹೆಡರ್ ಸೇರಿಸಲು ನಿಜಕ್ಕೂ ಆಗದ ಜಾಗಗಳಿವೆ. ಬ್ರೌಸರಿನಿಂದ ವೆಬ್‌ಸಾಕೆಟ್ ತೆರೆಯುವಾಗ ನಮ್ಮ ಇಷ್ಟದ ಹೆಡರ್ ಹಾಕಲು ಬರುವುದಿಲ್ಲ. ಅಂಥಲ್ಲಿ ಮೂಲ ಕೀಯ ಬದಲು ಒಂದೇ ಸಲ ನಡೆಯುವ, ನಿಮಿಷದೊಳಗೆ ಸಾಯುವ ಟಿಕೆಟ್ ಒಂದನ್ನು ಕೊಟ್ಟು ಅದನ್ನು ವಿಳಾಸದಲ್ಲಿ ಇಡಿಸಬಹುದು. ಅದು ಲಾಗ್‌ಗೆ ಬಿದ್ದರೂ ಓದುವವನ ಕೈಗೆ ಸಿಗುವ ಹೊತ್ತಿಗೆ ಕೆಲಸಕ್ಕೆ ಬಾರದ್ದಾಗಿರುತ್ತದೆ.

ತಮ್ಮಲ್ಲಿ ಹೀಗಾಗಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಲಿನಕ್ಸ್ ಸರ್ವರಿನಲ್ಲಿ ಹಳೆಯ, ಸಂಕುಚಿಸಿದ ಲಾಗ್‌ಗಳನ್ನೂ ಸೇರಿಸಿ ಹುಡುಕಲು ಒಂದು ಸಾಲು ಸಾಕು:

```
zgrep -liE '[?&](api[_-]?key|token|appid)=' /var/log/nginx/*.log*
```

ಇಲ್ಲಿ `-l` ಬೇಕೆಂದೇ ಹಾಕಿದ್ದು. ಅದು ಕಡತದ ಹೆಸರನ್ನಷ್ಟೇ ತೋರಿಸುತ್ತದೆ. ಇಲ್ಲದಿದ್ದರೆ ಹುಡುಕಾಟವೇ ಕೀಗಳನ್ನು ಪರದೆಯ ಮೇಲೆ ಸುರಿದು ಇನ್ನೊಂದು ನಕಲು ಮಾಡುತ್ತದೆ. ಸಿಕ್ಕಿದರೆ ಮೊದಲು ಲಾಗ್ ಒರೆಸಲು ಕೂರುವವರೇ ಹೆಚ್ಚು. ಅದು ತಪ್ಪಾದ ಕ್ರಮ. ಎಲ್ಲ ನಕಲುಗಳೂ ಸಿಕ್ಕವೆಂದು ಯಾರೂ ಹೇಳಲಾರರು, ಕಾನೂನಿನಂತೆ ಇಡಬೇಕಾದ ಸಾಕ್ಷ್ಯವೂ ಹಾಳಾಗುತ್ತದೆ. ಹೊಸ ಕೀ ಪಡೆದು, ಹೆಡರಿನಲ್ಲಿಟ್ಟು, ಕೆಲಸ ನಡೆಯುತ್ತಿದೆ ಎಂದು ನೋಡಿ, ಹಳೆಯದನ್ನು ರದ್ದು ಮಾಡಬೇಕು. ಆಮೇಲೆ ಅದೇ ಲಾಗ್‌ನಲ್ಲಿ ಹಳೆಯ ಕೀ ತಮ್ಮದಲ್ಲದ ಐಪಿ ವಿಳಾಸದಿಂದ ಬಂದಿತ್ತೇ ಎಂದು ನೋಡಬೇಕು. ಸತ್ತ ಕೀ ಲಾಗ್‌ನಲ್ಲಿ ಎಷ್ಟು ದಿನ ಇದ್ದರೂ ಅದರಿಂದ ಬಾಗಿಲು ತೆರೆಯುವುದಿಲ್ಲ.

ಆದರೆ ಗ್ರಾಹಕ ಇಷ್ಟು ಮಾಡಿದರೂ, ಗೇಟ್‌ವೇ ವಿಳಾಸದಲ್ಲಿ ಮಾತ್ರ ಕೀ ಸ್ವೀಕರಿಸುವುದಾದರೆ ಹೊಸ ಕೀಯೂ ಮರುದಿನವೇ ಲಾಗ್ ಸೇರುತ್ತದೆ. ಅದಕ್ಕೇ ಹೊಣೆ ಸೇವೆ ಕೊಡುವವರದು ಎಂದದ್ದು. 2012ರ ಆರ್‌ಎಫ್‌ಸಿ 6750 ವಿಳಾಸದಲ್ಲಿ ಟೋಕನ್ ಕಳಿಸುವ ವಿಧಾನವನ್ನು ವಿವರಿಸುತ್ತಲೇ, ಅದು ಲಾಗ್‌ಗೆ ಬೀಳುವ ಸಾಧ್ಯತೆ ಹೆಚ್ಚು, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಬಳಸಿ ಎಂದಿತ್ತು. 2025ರ ಆರ್‌ಎಫ್‌ಸಿ 9700 ಅದನ್ನು ಬಳಸಲೇಕೂಡದು ಎಂದಿದೆ. ಹಳೆಯ ಗ್ರಾಹಕರ ತಂತ್ರಾಂಶ ನಿಂತುಹೋಗುತ್ತದೆ ಎನ್ನುವ ಸೇವಾದಾರರಿಗೆ ಗಿಟ್‌ಹಬ್ ದಾರಿ ತೋರಿಸಿದೆ. ಕ್ವೆರಿ ಸ್ಟ್ರಿಂಗ್ ಮೂಲಕ ಟೋಕನ್ ಸ್ವೀಕರಿಸುವುದನ್ನು ನಿಲ್ಲಿಸುವುದಾಗಿ ಅದು 2020ರಲ್ಲಿ ತಿಳಿಸಿತು, ಬಳಸುತ್ತಿದ್ದವರಿಗೆ ಎಚ್ಚರಿಕೆ ಕೊಟ್ಟಿತು, 2021ರಲ್ಲಿ ತಾತ್ಕಾಲಿಕವಾಗಿ ಮುಚ್ಚಿ ನೋಡಿತು, ಅದೇ ವರ್ಷ ಪೂರ್ತಿ ನಿಲ್ಲಿಸಿತು. ನಮ್ಮ ಎಸ್‌ಎಂಎಸ್, ಪಾವತಿ, ದತ್ತಾಂಶ ಸೇವೆಗಳು ಮಾಡಬೇಕಾದದ್ದೂ ಇದನ್ನೇ, ಒಂದು ಹೆಜ್ಜೆ ಹೆಚ್ಚು ಸೇರಿಸಿ. ವಿಳಾಸದಲ್ಲಿ ಕೀ ಬಂದ ಕೋರಿಕೆಯನ್ನು ತಿರಸ್ಕರಿಸಿದರೆ ಸಾಲದು, ತಿರಸ್ಕರಿಸುವ ಹೊತ್ತಿಗೆ ಆ ಸಾಲು ಲಾಗ್ ಸೇರಿರುತ್ತದೆ. ಆ ಕೀಯನ್ನೂ ರದ್ದು ಮಾಡಿ, ಗ್ರಾಹಕನಿಗೆ ತಿಳಿಸಿ. ಮತ್ತು ಕೈಪಿಡಿಯ ಮೊದಲ ಪುಟದಲ್ಲಿರುವ ‘ಬ್ರೌಸರಿನಲ್ಲಿ ತೆರೆಯಿರಿ’ ಎಂಬ ಮಾದರಿಯನ್ನು ಇವತ್ತೇ ತೆಗೆದುಹಾಕಿ.